ಟೈಪ್ ಮಾಡೋಕೂ ಸ್ಕ್ಯಾನ್ ಮಾಡೋಕೂ ಆಗೋ ಪ್ರೊಫೈಲ್ ಲಿಂಕ್

ಕೆಲಸ ಹುಡುಕೋರ ರೆಸ್ಯೂಮೆ ನೋಡೋದು ನನ್ನ ಕೆಲಸ, ಅದ್ರಲ್ಲಿ ಬಹಳ ಜನ ಲಿಂಕ್ಡ್‌ಇನ್ ಆ್ಯಪಲ್ಲಿ ಶೇರ್ ಒತ್ತಿ ಬಂದ ಲಿಂಕನ್ನ ಹಾಗೇ ತಂದು ಅಂಟಿಸಿರ್ತಾರೆ. ಅದ್ರಲ್ಲಿ ಹೆಸರಿನ ಹಿಂದೆ ಒಂದಷ್ಟು ಅಂಕಿ ಅಕ್ಷರ, ಅದರಾಚೆ ಪ್ರಶ್ನೆ ಚಿಹ್ನೆಯಿಂದ ಶುರುವಾಗೋ utm_source ಅನ್ನೋ ಉದ್ದ ಬಾಲ. ಬಾಲ ಕಿತ್ತಾಕಿದ್ರೂ ಪೇಜ್ ತೆರೆಯುತ್ತೆ. ಅಂಕಿಗಳನ್ನ ತೆಗೆಯೋಕೆ ಕಂಪ್ಯೂಟರಲ್ಲಿ ನಿಮ್ಮ ಪ್ರೊಫೈಲ್ ತೆರೆದು Public profile & URL ಒಳಗೆ ಹೋಗಿ linkedin.com/in/nimmahesaru ಥರ ಮಾಡ್ಕೊಳಿ. ಇದನ್ನ ಮೊದಲೇ ಮುಗಿಸಿ, ವಿಸಿಟಿಂಗ್ ಕಾರ್ಡ್ ಪ್ರಿಂಟಾದ್ಮೇಲೆ ಬದಲಾಯಿಸ್ಬೇಡಿ.

ಲಿಂಕ್ ಚಿಕ್ಕದಾದ್ರೆ ಕಾರ್ಡ್ ಮೇಲಿನ ಕ್ಯೂಆರ್ ಯಾಕೆ ಚೆನ್ನಾಗಿ ಬರುತ್ತೆ ಅಂದ್ರೆ, ಅಕ್ಷರ ಹೆಚ್ಚಾದಷ್ಟೂ ಅದ್ರಲ್ಲಿ ಪುಟ್ಟ ಚೌಕಗಳು ಜಾಸ್ತಿ ಆಗ್ತವೆ. https://www. ಸೇರಿಸಿ ಈ ಚಿಕ್ಕ ಲಿಂಕ್ 39 ಅಕ್ಷರ, ಕ್ಯೂಆರ್ ಸ್ವಲ್ಪ ಹಾಳಾದ್ರೂ ಸ್ಕ್ಯಾನ್ ಆಗೋಕೆ ಇರೋ ಎರರ್ ಕರೆಕ್ಷನ್ ಮಧ್ಯಮ ಮಟ್ಟದಲ್ಲಿ ಇಟ್ರೆ ಒಂದು ಸಾಲಿಗೆ 29 ಚೌಕ. ಬಾಲ ಸಮೇತ ಸುಮಾರು 130 ಅಕ್ಷರ ಆದ್ರೆ ಸಾಲಿಗೆ 49. ಸುತ್ತ ನಾಲ್ಕು ಚೌಕದಷ್ಟು ಬಿಳಿ ಜಾಗ ಬಿಡ್ಲೇಬೇಕು, ಅದನ್ನೂ ಸೇರಿಸಿ ಕಾರ್ಡಲ್ಲಿ 20 ಮಿಲಿಮೀಟರ್ ಕೊಟ್ರೆ ಮೊದಲನೇದ್ರಲ್ಲಿ ಒಂದೊಂದು ಚೌಕ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದು, ಎರಡನೇದ್ರಲ್ಲಿ 0.35. ಇಂಕ್ ಸ್ವಲ್ಪ ಹರಡಿದ್ರೂ ಮೊದಲು ಕೈಕೊಡೋದು ಈ ಎರಡನೇದೇ.

ಪ್ರೆಸ್ಸಿನವ್ರಿಗೆ ಕ್ಯೂಆರನ್ನ ವಾಟ್ಸಾಪಲ್ಲಿ ಫೋಟೋ ಮಾಡಿ ಕಳಿಸ್ಬೇಡಿ, ಅಂಚು ಮಸುಕಾಗುತ್ತೆ, ಎಸ್‌ವಿಜಿ ಅಥವಾ ಪಿಡಿಎಫ್ ಫೈಲನ್ನ ಡಾಕ್ಯುಮೆಂಟಾಗಿ ಕಳಿಸಿ. ಬಿಳಿ ಮೇಲೆ ಕಪ್ಪು, ಮ್ಯಾಟ್ ಲ್ಯಾಮಿನೇಷನ್, ಗೋಲ್ಡ್ ಫಾಯಿಲ್ ಬೇಡ. ಫುಲ್ ಪ್ರಿಂಟಿಗೆ ಮುಂಚೆ ಒಂದು ಸ್ಯಾಂಪಲ್ ಹೊಡೆಸಿ ಟ್ಯೂಬ್‌ಲೈಟ್ ಕೆಳಗೆ ಒಂದು ಹಳೇ ಫೋನಲ್ಲಿ ಸ್ಕ್ಯಾನ್ ಮಾಡಿ, ಆಗ ಸ್ಕ್ರೀನ್ ಮೇಲೆ linkedin.com ಬಿಟ್ಟು ಬೇರೆ ಯಾವ್ದೋ ಸೈಟಿನ ಅಡ್ರೆಸ್ ತೋರಿಸಿದ್ರೆ ಅದು ಆ ಸೈಟ್ ಮೂಲಕ ಸುತ್ತಿ ಹೋಗೋ ಡೈನಾಮಿಕ್ ಕ್ಯೂಆರ್ ಅಂತ ಅರ್ಥ, ಆ ಸೈಟಿನ ಫ್ರೀ ಅವಧಿ ಮುಗಿದ್ರೆ ಕಾರ್ಡೆಲ್ಲಾ ವೇಸ್ಟ್ ಆಗ್ಬೋದು. ನಿಮ್ಮ ಲಿಂಕೇ ನೇರವಾಗಿ ಒಳಗಿರೋ ಸ್ಟ್ಯಾಟಿಕ್ಕೇ ಮಾಡಿಸಿ. ಕ್ಯೂಆರ್ ಕೆಳಗೆ https ಬಿಟ್ಟು ಲಿಂಕನ್ನ ಕ್ಯಾಪಿಟಲ್ ಬಳಸದೆ ಸ್ಮಾಲ್ ಲೆಟರಲ್ಲೇ ಬರೆಸಿ, l ಮತ್ತು 1 ಬೇರೆ ಬೇರೆ ಕಾಣೋ ಫಾಂಟ್ ಇರ್ಲಿ.

ರೆಸ್ಯೂಮೆ ಸಾಮಾನ್ಯವಾಗಿ ಸ್ಕ್ರೀನ್ ಮೇಲೇ ಓದ್ತಾರೆ, ಅಲ್ಲಿ ಕ್ಯೂಆರ್ ಬೇಡ. ಫೋನ್ ನಂಬರ್ ಪಕ್ಕ ಪೂರ್ತಿ ಲಿಂಕ್ ಕಾಣೋ ಹಾಗೆ ಬರೀರಿ, ಬರೀ "ಲಿಂಕ್ಡ್‌ಇನ್" ಅಂತ ಬರೆದು ಒಳಗೆ ಲಿಂಕ್ ಬಚ್ಚಿಟ್ರೆ ಪ್ರಿಂಟ್ ತೆಗೆದ್ಮೇಲೆ ಉಪಯೋಗಕ್ಕೆ ಬರಲ್ಲ. ಪಿಡಿಎಫ್ ಮಾಡೋವಾಗ ಪ್ರಿಂಟ್ ಆಪ್ಷನ್ ಬದ್ಲು ಎಕ್ಸ್‌ಪೋರ್ಟ್ ಬಳಸಿ, ಪ್ರಿಂಟಲ್ಲಿ ಎಷ್ಟೋ ಸಲ ಕ್ಲಿಕ್ ಹೋಗ್ಬಿಡುತ್ತೆ.

ಈಮೇಲ್ ಸಹಿಗೂ ಇದೇ, ಮೇಲ್ ಓದ್ತಿರೋ ಫೋನಲ್ಲೇ ಆ ಮೇಲೊಳಗಿನ ಕ್ಯೂಆರ್ ಸ್ಕ್ಯಾನ್ ಮಾಡೋದು ಯಾರಿಗೂ ಸುಲಭ ಅಲ್ಲ, ಮತ್ತೆ ಚಿತ್ರಗಳನ್ನ ಎಷ್ಟೋ ಆಫೀಸಲ್ಲಿ ಬ್ಲಾಕ್ ಮಾಡಿರ್ತಾರೆ. ಟೆಕ್ಸ್ಟಲ್ಲಿ ಒಂದೇ ಸಾಲು ಸಾಕು, ಕಾಣೋ ಅಡ್ರೆಸ್ಸೂ ಒಳಗಿನ ಅಡ್ರೆಸ್ಸೂ ಒಂದೇ ಇರ್ಲಿ, ಬೇರೆ ಬೇರೆ ಇದ್ರೆ ಸ್ಪ್ಯಾಮ್ ಫಿಲ್ಟರಿಗೆ ಅನುಮಾನ ಬರ್ಬೋದು.