ಅಬ್‌ನಾರ್ಮಲ್ ಗೇನ್ ಇರುವ ಪ್ರೊಸೆಸ್ ಲೆಕ್ಕ: ಈಕ್ವಿವಲೆಂಟ್ ಯೂನಿಟ್‌ನಲ್ಲಿ ಏಕೆ ಕಳೆಯಬೇಕು?

ಬಳ್ಳಾರಿಯ ಒಂದು ಖಾರದಪುಡಿ ಘಟಕದ ಲೆಕ್ಕ ಎಂದುಕೊಳ್ಳಿ. ಪ್ರೊಸೆಸ್‌ಗೆ 1,000 ಕೆಜಿ ಒಣಮೆಣಸಿನಕಾಯಿ ಹಾಕಿದ್ದಾರೆ, ಬೆಲೆ ₹1,82,000. ಕೂಲಿ ₹17,200, ಓವರ್‌ಹೆಡ್ ₹8,600. ತೊಟ್ಟು ಬಿಡಿಸುವಾಗ ಹಾಕಿದ ತೂಕದ ಶೇ. 10 ನಾರ್ಮಲ್ ಲಾಸ್. ಆ ತ್ಯಾಜ್ಯ ಕೆಜಿಗೆ ₹20ರಂತೆ ಮಾರಾಟವಾಗುತ್ತದೆ. ಸಿದ್ಧವಾದ ಪುಡಿ 820 ಕೆಜಿ. ತೊಟ್ಟು ಬಿಡಿಸಿ ಒಣಗಿಸಿದರೂ ಇನ್ನೂ ಬೀಸದೆ ಉಳಿದದ್ದು 100 ಕೆಜಿ: ಸಾಮಗ್ರಿ ಶೇ. 100, ಕೂಲಿ ಮತ್ತು ಓವರ್‌ಹೆಡ್ ಶೇ. 60 ಮುಗಿದಿದೆ. ಆರಂಭದ ಬಾಕಿ ಇಲ್ಲ.

ಮೊದಲು ತೂಕ ಹೊಂದಿಸಿ. 820 + 100 + ನಾರ್ಮಲ್ ಲಾಸ್ 100 = 1,020. ಹಾಕಿದ್ದು 1,000 ಮಾತ್ರ. ಹೆಚ್ಚಾಗಿ ಕಂಡ 20 ಕೆಜಿಯೇ ಅಬ್‌ನಾರ್ಮಲ್ ಗೇನ್. ಅಂದರೆ ನಿಜವಾಗಿ ಹೋದ ತ್ಯಾಜ್ಯ 80 ಕೆಜಿ.

ಈಕ್ವಿವಲೆಂಟ್ ಯೂನಿಟ್ ಹೀಗೆ:

ಸಾಮಗ್ರಿ: 820 + 100 − 20 = 900
ಕೂಲಿ, ಓವರ್‌ಹೆಡ್: 820 + 60 − 20 = 860

ಹೆಚ್ಚು ಮಂದಿ ಎಡವುವುದು ಈ −20ರಲ್ಲಿ. ಗೇನ್ ಎಂದರೆ ಲಾಭ, ಕೂಡಿಸಬೇಕು ಅನ್ನಿಸುತ್ತದೆ. ಆದರೆ ಆ 20 ಕೆಜಿ ಈಗಾಗಲೇ 820ರೊಳಗೇ ಸೇರಿದೆ. ವೆಚ್ಚದ ದರ ಹೊರಡಬೇಕಾದದ್ದು ಎಂದಿನಂತೆ ನಡೆದಿದ್ದರೆ ಬರುತ್ತಿದ್ದ ಉತ್ಪಾದನೆಯ ಮೇಲೆ. ಅನಿರೀಕ್ಷಿತ ಉಳಿತಾಯವನ್ನು ಕಳೆಯದೆ ಬಿಟ್ಟರೆ ದರ ಸುಮ್ಮನೆ ಇಳಿದುಬಿಡುತ್ತದೆ. ಗೇನ್ ಬಂದದ್ದು ಪೂರ್ಣ ಸಿದ್ಧವಾದ ಪುಡಿಯ ರೂಪದಲ್ಲಿ, ಹಾಗಾಗಿ ಎರಡೂ ಸಾಲಿನಲ್ಲಿ ಶೇ. 100ರಂತೆಯೇ ಕಳೆಯಬೇಕು, ಶೇ. 60 ಹಿಡಿದು 12 ಕಳೆದರೆ ತಪ್ಪು. ನಾರ್ಮಲ್ ಲಾಸ್‌ಗೆ ಈ ಪಟ್ಟಿಯಲ್ಲಿ ಯೂನಿಟ್ಟೇ ಇಲ್ಲ.

ಅದರ ಸ್ಕ್ರ್ಯಾಪ್ ಮೌಲ್ಯವನ್ನು ಮಾತ್ರ ಸಾಮಗ್ರಿ ವೆಚ್ಚದಲ್ಲಿ ಕಳೆಯಿರಿ: 1,82,000 − 2,000 = 1,80,000. ಇಲ್ಲಿ 80 ಕೆಜಿಯ ₹1,600 ಅಲ್ಲ, ನಿರೀಕ್ಷಿತ 100 ಕೆಜಿಯ ₹2,000. ದರ: ಸಾಮಗ್ರಿ ₹200, ಕೂಲಿ ₹20, ಓವರ್‌ಹೆಡ್ ₹10, ಒಟ್ಟು ₹230.

ಸಿದ್ಧ ಪುಡಿ: 820 × 230 = ₹1,88,600
ಮುಗಿಯದ ಸರಕು: 100 × 200 + 60 × 30 = ₹21,800
ಗೇನ್: 20 × 230 = ₹4,600

ಪ್ರೊಸೆಸ್ ಖಾತೆಯಲ್ಲಿ ಗೇನ್ ಡೆಬಿಟ್ ಬದಿಗೆ ಬರುತ್ತದೆ: 1,82,000 + 17,200 + 8,600 + 4,600 = ₹2,12,400. ಕ್ರೆಡಿಟ್ ಬದಿಗೆ 2,000 + 1,88,600 + 21,800, ಅದೂ ₹2,12,400. ಕ್ರೆಡಿಟ್ ಬದಿ ಸರಿಯಾಗಿ ₹2,000 ಹೆಚ್ಚಾಗಿ ನಿಂತರೆ, ದರ ತೆಗೆಯುವಾಗ ಸ್ಕ್ರ್ಯಾಪ್ ಕಳೆಯುವುದು ಬಿಟ್ಟುಹೋಗಿದೆ ಎಂದೇ ತಿಳಿಯಿರಿ.

ಇಷ್ಟಕ್ಕೇ ನಿಲ್ಲಿಸಿದರೆ ಅಂಕ ಹೋಗುತ್ತದೆ. ತ್ಯಾಜ್ಯ 20 ಕೆಜಿ ಕಡಿಮೆ ಬಂದದ್ದರಿಂದ ₹400 ಸ್ಕ್ರ್ಯಾಪ್ ಹಣ ಕೈಗೆ ಬಂದಿಲ್ಲ. ಆ ₹400 ಅನ್ನು ಗೇನ್ ಖಾತೆಗೆ ಡೆಬಿಟ್, ನಾರ್ಮಲ್ ಲಾಸ್ ಖಾತೆಗೆ ಕ್ರೆಡಿಟ್ ಮಾಡಿ. ಲಾಭ-ನಷ್ಟ ಖಾತೆಗೆ ಹೋಗುವುದು ₹4,600 ಅಲ್ಲ, ₹4,200.