ತಿರುಮಲದ ಕಲ್ಯಾಣೋತ್ಸವ ಟಿಕೆಟ್‌ಗೆ ಮಧ್ಯವರ್ತಿ ಬೇಕೇ?

ಪ್ರಶ್ನೆ: ಮೇ ತಿಂಗಳಲ್ಲಿ ತಿರುಮಲದಲ್ಲಿ ಕಲ್ಯಾಣೋತ್ಸವ ಮಾಡಿಸಬೇಕೆಂದಿದ್ದೇವೆ. ಪರಿಚಿತರೊಬ್ಬರು ಹೆಚ್ಚಿನ ಹಣ ಕೊಟ್ಟರೆ ಟಿಕೆಟ್ ಕೊಡಿಸುವುದಾಗಿ ಹೇಳುತ್ತಿದ್ದಾರೆ. ನಂಬಬಹುದೇ?

ಉತ್ತರ: ನಂಬಬೇಡಿ. ಕಲ್ಯಾಣೋತ್ಸವದ ಟಿಕೆಟ್ ದರ ಇಬ್ಬರಿಗೆ ₹1000. ಅದನ್ನು ಟಿಟಿಡಿಯ ಅಧಿಕೃತ ಜಾಲತಾಣ ttdevasthanams.ap.gov.in ನಲ್ಲಿ ಮೊಬೈಲ್‌ಗೆ ಬರುವ ಒಟಿಪಿ ಬಳಸಿ ನೀವೇ ಪಡೆಯಬಹುದು.

ಟಿಕೆಟ್‌ಗಳು ಸಾಮಾನ್ಯವಾಗಿ ಮೂರು ತಿಂಗಳು ಮೊದಲೇ ಬಿಡುಗಡೆಯಾಗುವುದರಿಂದ, ಮೇ ತಿಂಗಳ ಸೇವೆಗೆ ಫೆಬ್ರವರಿಯಲ್ಲೇ ಸಿದ್ಧರಾಗಬೇಕು. ಸುಪ್ರಭಾತ, ತೋಮಾಲೆ, ಅರ್ಚನೆಯಂಥ ಸೇವೆಗಳಿಗೆ 18ರಿಂದ 20ರವರೆಗೆ ಹೆಸರು ನೋಂದಾಯಿಸಿ, ಲಕ್ಕಿ ಡಿಪ್‌ನಲ್ಲಿ ಆಯ್ಕೆಯಾದರೆ ಮಾತ್ರ ಹಣ ಕಟ್ಟುವ ಕ್ರಮವಿದೆ. ಕಲ್ಯಾಣೋತ್ಸವ, ಊಂಜಲ್ ಸೇವೆ, ಸಹಸ್ರ ದೀಪಾಲಂಕಾರಗಳಿಗೆ ಡಿಪ್ ಇಲ್ಲ. 21ರ ಬೆಳಿಗ್ಗೆ 10 ಗಂಟೆಗೆ ಟಿಕೆಟ್ ತೆರೆದಾಗ ಮೊದಲು ಬಂದವರಿಗೆ ಸಿಗುತ್ತದೆ. ಅಲ್ಲಿ ತಪ್ಪಿದರೆ 24ರಂದು ಬಿಡುಗಡೆಯಾಗುವ ₹300ರ ವಿಶೇಷ ಪ್ರವೇಶ ದರ್ಶನಕ್ಕೆ ಪ್ರಯತ್ನಿಸಬಹುದು, ಆದರೆ ಅದರಲ್ಲಿ ಸೇವೆಯಿಲ್ಲ, ದರ್ಶನ ಮಾತ್ರ. ಈ ದಿನಾಂಕಗಳು ಕೆಲವೊಮ್ಮೆ ಬದಲಾಗುತ್ತವೆ; ಆ ತಿಂಗಳ ಪ್ರಕಟಣೆಯನ್ನು ನೋಡಿಕೊಳ್ಳಿ. ಉಚಿತವಾದ ಸರ್ವದರ್ಶನವಂತೂ ಇದ್ದೇ ಇದೆ.

ಮಧ್ಯವರ್ತಿಯ ಮಾತನ್ನು ಏಕೆ ನಂಬಲಾಗದೆಂದರೆ, ಟಿಕೆಟ್‌ನಲ್ಲಿ ಯಾತ್ರಿಕರ ಹೆಸರು ಮತ್ತು ಗುರುತಿನ ಚೀಟಿಯ ಸಂಖ್ಯೆ ಇರುತ್ತದೆ. ಪ್ರವೇಶದ್ವಾರದಲ್ಲಿ ಮೂಲ ಚೀಟಿಯೊಂದಿಗೆ ಹೋಲಿಸಿ, ಟಿಕೆಟ್ಟನ್ನು ಸ್ಕ್ಯಾನ್ ಮಾಡಿಯೇ ಒಳಗೆ ಬಿಡುತ್ತಾರೆ. ಬೇರೊಬ್ಬರ ಟಿಕೆಟ್ಟನ್ನು ನಿಮಗೆ ವರ್ಗಾಯಿಸಲು ಸಾಧ್ಯವಿಲ್ಲ. ಹಳೆಯ ಟಿಕೆಟ್‌ನ ದಿನಾಂಕ, ಹೆಸರು ತಿದ್ದಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಪ್ರತಿಯು ನೋಡಲು ಅಸಲಿಯಂತೆಯೇ ಇರಬಹುದು, ಆದರೆ ಸ್ಕ್ಯಾನ್ ಮಾಡುವಾಗ ಸಿಕ್ಕಿಬೀಳುತ್ತದೆ. ಅಷ್ಟರಲ್ಲಿ ನೀವು ಬೆಟ್ಟ ಹತ್ತಿರುತ್ತೀರಿ, ಹಣ ಪಡೆದವರ ಫೋನ್ ಸ್ವಿಚ್ ಆಫ್ ಆಗಿರುತ್ತದೆ. ವೈಯಕ್ತಿಕ ಯುಪಿಐ ಸಂಖ್ಯೆಗೆ ಹಣ ಕೇಳುವುದು, ಶಿಫಾರಸು ಪತ್ರಕ್ಕೆ ಬೆಲೆ ಹೇಳುವುದು, ನಿಮ್ಮ ಒಟಿಪಿ ಕೇಳುವುದು, ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೇ ಮಾತು ನಿಲ್ಲಿಸಿ. ಡಿಪ್‌ನಲ್ಲಿ ಹೆಸರು ಬರುವಂತೆ ಮಾಡುತ್ತೇವೆ ಎನ್ನುವವರು ಇನ್ನೂ ಜಾಣರು: ಹೆಸರು ತಾನಾಗಿ ಬಂದರೆ ಹಣ ಉಳಿಸಿಕೊಳ್ಳುತ್ತಾರೆ, ಬಾರದಿದ್ದರೆ ಕಾರಣ ಹೇಳುತ್ತಾರೆ. ಹುಡುಕಾಟದಲ್ಲಿ ಕಾಣುವ ಅದೇ ಬಗೆಯ ಹೆಸರಿನ ನಕಲಿ ತಾಣಗಳೂ ಇರುವುದರಿಂದ, ವಿಳಾಸವನ್ನು ನೀವೇ ಟೈಪ್ ಮಾಡುವುದು ಲೇಸು.

ಉಡುಪಿನಲ್ಲಿ ಸಡಿಲಿಕೆಯಿಲ್ಲ. ಕಲ್ಯಾಣೋತ್ಸವಕ್ಕೆ ಗಂಡಸರು ಪಂಚೆ–ಉತ್ತರೀಯ, ಹೆಂಗಸರು ಸೀರೆ ಅಥವಾ ದುಪಟ್ಟಾ ಸಹಿತ ಚೂಡಿದಾರ ಧರಿಸಿದರೆ ತೊಂದರೆಯಾಗದು. ಜೀನ್ಸ್, ಟಿ-ಶರ್ಟ್, ಬರ್ಮುಡಾ ತೊಟ್ಟವರನ್ನು ಪ್ರವೇಶದಲ್ಲೇ ತಡೆಯುತ್ತಾರೆ. ಮುಂಗಡ ಟಿಕೆಟ್‌ನ ದಿನಾಂಕ ಬದಲಿಸಲು ಅಥವಾ ಹಣ ಹಿಂಪಡೆಯಲು ಬಾರದ ಕಾರಣ, ಮನೆಯವರ ರಜೆ ಖಚಿತವಾದ ಮೇಲೆಯೇ ಹಣ ಕಟ್ಟಿ, ನೋಂದಣಿಯಲ್ಲಿ ಕೊಟ್ಟ ಅದೇ ಗುರುತಿನ ಚೀಟಿಯ ಮೂಲ ಪ್ರತಿಯನ್ನು ಜೊತೆಗೆ ಒಯ್ಯಿರಿ.