ದುಡ್ಡು ಕಟ್ ಆಗಿದೆ, ಅರ್ಜಿ ಮಾತ್ರ ‘ಫೇಲ್’ ಅನ್ನುತ್ತಿದೆ

ಪ್ರಶ್ನೆ: ಜಗಳೂರಿನಿಂದ ದಾವಣಗೆರೆಗೆ ಹೋಗಿ ಸೈಬರ್ ಸೆಂಟರ್‌ನಲ್ಲಿ ನೇಮಕಾತಿ ಅರ್ಜಿ ಹಾಕಿದೆ. ಸೈಬರ್‌ನ ಅಣ್ಣ ತಮ್ಮ ಫೋನಿನಿಂದಲೇ 600 ರೂಪಾಯಿ ಯುಪಿಐ ಮಾಡಿದರು. ದುಡ್ಡು ಕಟ್ ಆಯಿತು, ಆದರೆ ಅರ್ಜಿಯಲ್ಲಿ ‘ಪೇಮೆಂಟ್ ಫೇಲ್ಡ್’ ಅಂತ ಬರುತ್ತಿದೆ. ಕೊನೇ ದಿನಕ್ಕೆ ಎರಡೇ ದಿನ ಉಳಿದಿದೆ. ಮತ್ತೆ ಕಟ್ಟಲಾ? ಮೊದಲಿನ ದುಡ್ಡಿಗೆ ಯಾರನ್ನು ಕೇಳಲಿ?

ಉತ್ತರ: ಬ್ಯಾಂಕಿಗೆ ಓಡುವ ಮೊದಲು ಸೈಬರ್‌ನವರ ಫೋನನ್ನೇ ನೋಡಬೇಕು. ನಿಮ್ಮ ಅರ್ಜಿ ಮತ್ತು ಅವರ ಖಾತೆಯ ನಡುವೆ ದುಡ್ಡು ದಾಟಿಸುವ ಒಂದು ಪೇಮೆಂಟ್ ಗೇಟ್‌ವೇ ಇರುತ್ತದೆ. ದುಡ್ಡು ಎಲ್ಲಿ ನಿಂತಿದೆ ಅನ್ನುವುದರ ಮೇಲೆ ಯಾರನ್ನು ಕೇಳಬೇಕು ಅನ್ನುವುದು ತೀರ್ಮಾನವಾಗುತ್ತದೆ.

ಯುಪಿಐ ಆಪ್‌ನ ಹಿಸ್ಟರಿಯಲ್ಲಿ ಆ 600 ರೂಪಾಯಿಯ ಸಾಲನ್ನು ತೆಗೆಸಿ ನೋಡಿ. ಅಲ್ಲಿ ‘ಫೇಲ್ಡ್’ ಅಥವಾ ‘ಪೆಂಡಿಂಗ್’ ಅಂತಿದ್ದರೆ ದುಡ್ಡು ಇಲಾಖೆಗೆ ಮುಟ್ಟಿಲ್ಲ, ಬ್ಯಾಂಕುಗಳ ನಡುವೆಯೇ ಎಲ್ಲೋ ಇದೆ. ‘ಸಕ್ಸಸ್’ ಅಂತಿದ್ದರೆ ಕತೆ ಬೇರೆ. ಬ್ಯಾಂಕಿನ ಲೆಕ್ಕದಲ್ಲಿ ದುಡ್ಡು ಆ ಕಡೆ ಸೇರಿಯಾಗಿದೆ, ಅದರ ಸುದ್ದಿ ನಿಮ್ಮ ಅರ್ಜಿಗೆ ಮುಟ್ಟಿಲ್ಲ ಅಷ್ಟೆ. ಇಂಥ ಹೊತ್ತಿನಲ್ಲಿ ಬ್ಯಾಂಕಿನವರು ‘ನಮ್ಮ ಕಡೆ ಸರಿ ಇದೆ’ ಅಂದರೆ ಅದು ನುಣುಚಿಕೊಳ್ಳುವ ಮಾತಲ್ಲ, ನಿಜವೇ. ಆಗ ಅರ್ಜಿ ಪೋರ್ಟಲ್‌ನ ಸಹಾಯವಾಣಿಯನ್ನೇ ಹಿಡಿಯಬೇಕು.

ಎರಡರಲ್ಲಿ ಯಾವುದೇ ಆಗಲಿ, ಆ ವ್ಯವಹಾರದ ಗುರುತಾದ 12 ಅಂಕಿಯ ಯುಟಿಆರ್ ನಂಬರ್ ಬರೆದುಕೊಳ್ಳಿ. ಸ್ಕ್ರೀನ್‌ಶಾಟ್‌ಗಿಂತ ಅದೇ ಮುಖ್ಯ. ಎಲ್ಲಿ ಕೇಳಿದರೂ ಹುಡುಕುವುದು ಆ ನಂಬರ್‌ನಿಂದಲೇ. ಮೆಸೇಜ್ ನೋಡಿ ಸುಮ್ನಾಗಬೇಡಿ, ಖಾತೆಯ ಸ್ಟೇಟ್‌ಮೆಂಟ್ ಸಹ ತೆಗೆಸಿ. ಕಟ್ ಆದ ಮೆಸೇಜ್ ಬಂದು, ವಾಪಸ್ ಬಂದ ಮೆಸೇಜ್ ಬಾರದೇ ಇರುವುದೂ ಉಂಟು.

ಈಗ ಮತ್ತೆ ಕಟ್ಟುವ ಮಾತು. ಎರಡು ದಿನ ಇದೆಯಲ್ಲ, ಇವತ್ತೇ ಗಾಬರಿಯಿಂದ ಕಟ್ಟಬೇಡಿ. ಎಷ್ಟೋ ಪೋರ್ಟಲ್‌ಗಳು ಗೇಟ್‌ವೇಯನ್ನು ಆಮೇಲೆ ಇನ್ನೊಮ್ಮೆ ಕೇಳಿ ಸ್ಟೇಟಸ್ ತಿದ್ದಿಕೊಳ್ಳುತ್ತವೆ. ಕೆಲವದರಲ್ಲಿ ಪೇಮೆಂಟ್ ಪರಿಶೀಲಿಸುವ ಬಟನ್ ಇರುತ್ತದೆ, ಅದನ್ನು ಒತ್ತಿ ನೋಡಿ. ನಾಳೆ ಬೆಳಗ್ಗೆಯೂ ‘ಫೇಲ್ಡ್’ ಅಂತಲೇ ಇದ್ದರೆ ಅದೇ ಅರ್ಜಿ ಸಂಖ್ಯೆಯಲ್ಲಿ ಇನ್ನೊಮ್ಮೆ ಕಟ್ಟಿ. ಹೊಸ ಅರ್ಜಿ ತೆರೆಯಬೇಡಿ, ಹಳೇ ದುಡ್ಡು ಯಾವುದಕ್ಕೆ ಸೇರಿತು ಅಂತ ಹುಡುಕುವುದು ಇನ್ನೂ ಕಷ್ಟವಾಗುತ್ತದೆ. ಆಮೇಲೆ ಎರಡೂ ಸಲದ್ದು ‘ಸಕ್ಸಸ್’ ಆದರೆ, ಹೆಚ್ಚಿಗೆ ಹೋದ 600 ಇಲಾಖೆಯಿಂದ ಬರಬೇಕು. ಅದು ತಡವಾಗಬಹುದು, ಬಾರದೆಯೂ ಇರಬಹುದು. ನನ್ನ ಲೆಕ್ಕ ಇಷ್ಟೇ: 600 ಹೋದರೆ ಹೋಯಿತು, ಅರ್ಜಿ ಹೋದರೆ ಇನ್ನೊಂದು ನೇಮಕಾತಿ ಯಾವಾಗಲೋ.

ದುಡ್ಡು ನಡುದಾರಿಯಲ್ಲೇ ನಿಂತಿದ್ದರೆ ರಿಸರ್ವ್ ಬ್ಯಾಂಕಿನ 2019ರ ನಿಯಮ ನಿಮ್ಮ ಪರವಾಗಿದೆ. ಖಾತೆಯಿಂದ ಕಟ್ ಆಗಿ, ಪಡೆಯುವವರ ಕಡೆಗೆ ಖಾತ್ರಿ ಮುಟ್ಟದೇ ಹೋದರೆ, ವ್ಯವಹಾರದ ದಿನದ ನಂತರ 5 ದಿನದೊಳಗೆ ದುಡ್ಡು ತಾನಾಗೇ ವಾಪಸ್ ಬರಬೇಕು. ಅದನ್ನು ದಾಟಿದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ನೀವು ಕೇಳದೆಯೇ ಬರಬೇಕು. 9ನೇ ತಾರೀಖು ಕಟ್ಟಿದ್ದೀರಿ ಅನ್ನಿ. 14ರವರೆಗೆ ಸಮಯ. 18ಕ್ಕೆ ಬಂದರೆ ನಾಲ್ಕು ದಿನ ತಡ, 600ರ ಜೊತೆ 400 ಸೇರಬೇಕು. ‘ಸಕ್ಸಸ್’ ಆಗಿರುವ ದುಡ್ಡಿಗೆ ಮಾತ್ರ ಈ ಲೆಕ್ಕ ಹಿಡಿದು ಬ್ಯಾಂಕಿನಲ್ಲಿ ವಾದಿಸಬೇಡಿ, ನಡೆಯಲ್ಲ.

ನಿಮ್ಮ ವಿಷಯದಲ್ಲಿ ಒಂದು ತೊಡಕಿದೆ. ದುಡ್ಡು ಯಾವ ಖಾತೆಯಿಂದ ಹೋಯಿತೋ ಅಲ್ಲಿಗೇ ವಾಪಸ್ ಬರುತ್ತದೆ. ಅಂದರೆ ಅದು ಬರುವುದು ಸೈಬರ್‌ನವರಿಗೆ, ದೂರು ಕೊಡಬೇಕಾದವರೂ ಅವರೇ. ನೀವು ನಿಮ್ಮ ಬ್ಯಾಂಕಿನಲ್ಲಿ ಎಷ್ಟು ಕೇಳಿದರೂ ಅವರ ದಾಖಲೆಯಲ್ಲಿ ಏನೂ ಸಿಗಲ್ಲ. ಸೈಬರ್‌ನ ಅಣ್ಣನಿಗೆ ದಿನಕ್ಕೆ ಹತ್ತಾರು ಜನರ ಶುಲ್ಕ ಕಟ್ಟುವ ಕೆಲಸ, ಅದರಲ್ಲಿ ನಿಮ್ಮ 600 ವಾಪಸ್ ಬಂದದ್ದು ಅವರ ಕಣ್ಣಿಗೆ ಬೀಳದೇ ಇರಬಹುದು. ಯುಟಿಆರ್ ನಂಬರ್ ಮತ್ತು ತಾರೀಖು ಒಂದು ಚೀಟಿಯಲ್ಲಿ ಬರೆದು ಕೊಟ್ಟು, ಆರನೇ ದಿನ ಫೋನ್ ಮಾಡಿ. ಮುಂದಿನ ಸಲ ನಿಮ್ಮ ಖಾತೆಯಿಂದಲೇ ಕಟ್ಟಿ, ಅವರ ಕೆಲಸದ ಚಾರ್ಜ್ ಬೇರೆ ಕೊಡಿ.

ಬಾರದಿದ್ದರೆ ಅವರು ಆಪ್‌ನಲ್ಲಿ ಆ ವ್ಯವಹಾರದ ಮೇಲೆಯೇ ದೂರು ದಾಖಲಿಸಲಿ, ಬ್ಯಾಂಕಿಗೂ ಬರಹದಲ್ಲಿ ಕೊಟ್ಟು ದೂರಿನ ಸಂಖ್ಯೆ ಪಡೆಯಲಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪುವಂಥದ್ದಲ್ಲದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ.

ಸಹಾಯವಾಣಿ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಅಧಿಸೂಚನೆಯಲ್ಲಿ ಅಥವಾ ಆಪ್‌ನ ಒಳಗೆ ಇರುವುದನ್ನೇ ಬಳಸಿ. ‘ರಿಫಂಡ್ ಹಾಕ್ತೀವಿ, ಪಿನ್ ಒತ್ತಿ’ ಅಂದವರ ಫೋನನ್ನು ಅಲ್ಲಿಗೇ ಕಟ್ ಮಾಡಿ. ದುಡ್ಡು ಪಡೆಯುವುದಕ್ಕೆ ಪಿನ್ ಬೇಡ. ಅಕಸ್ಮಾತ್ ಒತ್ತಿ ದುಡ್ಡು ಹೋದರೆ ತಡಮಾಡದೆ ಆನ್‌ಲೈನ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.